ಸೂಜಿ ಸಣ್ಣದು, ತಿಪ್ಪಿ ದೊಡ್ಡದು

ಮಾನ್ವಿ ತಾಲೂಕಿನ ಚೀಕಲಪರ್ವಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ತುಂಗಭದ್ರೆಯ ದಂಡೆಯ ಊರು, ವಿಜಯದಾಸರು ಹುಟ್ಟಿದ ಊರು. ನಾಗರಪಂಚಮಿ ಮುಗಿದ ವಾರ ಅತ್ತ ಕಡೆ ಹೋಗುವ ಪ್ರಸಂಗ ಬಂತು. ಮಾನ್ವಿಗೆ ವಾಪಸು ಬರುವ ಬಸ್ಸು ಬರಲಿಲ್ಲ. ಬಸ್ಸು ಬಾರದಿದ್ದರೆ ಮನುಷ್ಯ ಎಲ್ಲಿ ಕೂಡುತ್ತಾನೆ? ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ. ಈ ಬರಹ ಆ ಕಟ್ಟೆಯ ಮೇಲೆ ಹುಟ್ಟಿದ್ದು.

ಅಂಗಡಿಯ ಸಾವ್ಕಾರ್ರಿಗೆ ಅರವತ್ತರ ಹತ್ತಿರದ ವಯಸ್ಸು, ಹತ್ತು ವರ್ಷದಿಂದ ಸಕ್ಕರಿ ಬ್ಯಾನಿ. ಮಗ ರಾಯಚೂರಿನಿಂದ ರಕ್ತದ ಸಕ್ಕರೆ ನೋಡುವ ಯಂತ್ರ ತಂದು ಕೊಟ್ಟಿದ್ದಾನೆ. ಅದು ಗಲ್ಲೆಯ ಪಕ್ಕದಲ್ಲೇ, ತೂಕದ ಕಲ್ಲುಗಳ ಜೊತೆ ಇರುತ್ತದೆ. ನಾನು ಕೂತಿದ್ದಾಗ ಒಬ್ಬ ಹೆಣ್ಣುಮಗಳು ಬಂದು ಅರ್ಧ ಕಿಲೋ ಬೆಲ್ಲ ಕೇಳಿದಳು. ಸಾವ್ಕಾರ್ರು ಬೆಲ್ಲದ ಪೆಂಟೆ ಒಡೆದು, ಕೈಯಿಂದಲೇ ತಕ್ಕಡಿಗೆ ಹಾಕಿ, ಕಾಗದದಲ್ಲಿ ಕಟ್ಟಿ ಕೊಟ್ಟರು. ಆಮೇಲೆ ಪಂಚೆಗೆ ಕೈ ಒರೆಸಿ, "ಸಂಜಿ ಆತು, ಶುಗರ್ ನೋಡೋಣು" ಎಂದು ಬೆರಳಿಗೆ ಚುಚ್ಚಿಕೊಂಡರು. ಯಂತ್ರ 312 ತೋರಿಸಿತು. ಸಾವ್ಕಾರ್ರ ಮುಖ ಬಾಡಿತು. ರಾತ್ರಿಯ ಗುಳಿಗೆಯ ಡಬ್ಬಿಗೆ ಕೈ ಹಾಕಿ, ಒಂದರ ಬದಲು ಎರಡು ತೆಗೆದರು.

ಕಟ್ಟೆಯ ಮೇಲೆ ನನ್ನ ಹಾಗೆ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ನೌಕರಿ ಮಾಡಿ ನಿವೃತ್ತಿಯಾದವರು. ಊರವರೆಲ್ಲ ಅವರನ್ನು ಕಾಂಪೌಂಡರ್ ಎಂದೇ ಕರೆಯುತ್ತಾರೆ. ಅವರು ತಡೆದರು.

"ಗುಳಿಗಿ ಕೆಳಗ ಇಡ್ರಿ ಸಾವ್ಕಾರ್ರ. ಮೊದಲು ಸಾಬೂನು ಹಚ್ಚಿ ಕೈ ತೊಳಕೊಂಡು ಬರ್ರಿ. ಚೊಲೋತ್ನಾಗ ಒರಸಿಕೊಳ್ರಿ. ಆಮ್ಯಾಲ ಇನ್ನೊಂದು ಬೆರಳಿಗೆ ನೋಡೋಣು."

ಸಾವ್ಕಾರ್ರು ತೊಳೆದು ಬಂದರು. ಹೊಸ ಪಟ್ಟಿ, ಬೇರೆ ಬೆರಳು. ಯಂತ್ರ 168 ತೋರಿಸಿತು.

ಮಿಕ್ಕ 144 ಎಲ್ಲಿಂದ ಬಂದಿತ್ತು? ಬೆಲ್ಲದಿಂದ. ಯಂತ್ರಕ್ಕೆ ಬೇಕಾಗುವ ರಕ್ತ ಸಾಸಿವೆ ಕಾಳಿಗಿಂತ ಸಣ್ಣ ಹನಿ. ಬೆರಳಿನ ಚರ್ಮಕ್ಕೆ ಅಂಟಿದ ಬೆಲ್ಲ, ಬಾಳೆಹಣ್ಣು, ಪೇಡೆ ಯಾವುದೇ ಇರಲಿ, ಅದರ ತೀರ ಸ್ವಲ್ಪ ಭಾಗ ಈ ಹನಿಯಲ್ಲಿ ಕರಗಿದರೂ ಲೆಕ್ಕ ಕೆಡುತ್ತದೆ. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೆ ಸಾಕು ಎಂದುಕೊಂಡವರು ಬಹಳ. ಜಪಾನಿನ ವೈದ್ಯರು ಹಣ್ಣು ಸುಲಿದ ಕೈಯಲ್ಲೇ ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಸ್ಪಿರಿಟ್ಟಿನಿಂದ ಒರೆಸಿದರೂ ಅಂಕಿ ಸುಳ್ಳಾಗಿ ಏರಿತ್ತು, ನಲ್ಲಿಯ ನೀರಿನಿಂದ ತೊಳೆದ ಮೇಲೇ ಸರಿಯಾಯಿತು. ನಮ್ಮ ಸಾವ್ಕಾರ್ರು ಇಮ್ಮಡಿ ಗುಳಿಗೆ ನುಂಗಿ ರಾತ್ರಿ ಊಟ ಕಡಿಮೆ ಮಾಡಿ ಮಲಗಿದ್ದರೆ, ನಡುರಾತ್ರಿ ಸಕ್ಕರೆ ಇಳಿದು ಬೆವರಿ ನಡುಗುವ ಪ್ರಸಂಗ ಬರುತ್ತಿತ್ತು. ಅದಕ್ಕೆ ಒಂದು ಚೂರು ಬೆಲ್ಲ ಕಾರಣವಾಗುತ್ತಿತ್ತು.

ಆದರೆ ಬೆಲ್ಲದ ಕಥೆ ಇಂದಿನ ಪೀಠಿಕೆ ಮಾತ್ರ. ಕಾಂಪೌಂಡರ್ ಆ ಚುಚ್ಚುವ ಪೆನ್ನನ್ನು ಕೈಗೆ ತೆಗೆದುಕೊಂಡ ಮೇಲೆ ನಿಜವಾದ ಸಂಗತಿ ಹೊರಬಿತ್ತು.

ಯುಗಾದಿಯ ಸೂಜಿ

"ಈ ಸೂಜಿ ಯಾವಾಗ ಹಾಕಿದ್ರಿ?"

"ಯುಗಾದಿಗೆ ಹಾಕೀನಿ ನೋಡ್ರಿ. ಇನ್ನೂ ಗಟ್ಟಿ ಅದ."

"ನಂಬರ್ ಐದಕ್ಕ ಇಟ್ಟೀರಲ್ಲ?"

"ಮೊದಲು ಎರಡಕ್ಕ ರಕ್ತ ಬರ್ತಿತ್ತು. ಆಮ್ಯಾಲ ಮೂರಕ್ಕ, ನಾಕಕ್ಕ. ಈಗ ಐದಕ್ಕ ಇಟ್ಟರೂ ಒಂದೊಂದ್ಸಲ ಬರವಲ್ದು. ಚರ್ಮ ದಪ್ಪ ಆಗ್ಯಾದೋ ಏನೋ."

ಓದುಗರೇ, ನಮ್ಮ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ನಡೆಯುತ್ತಿರುವುದು ಈ ನಾಲ್ಕು ಮಾತಿನಲ್ಲಿ ಇದೆ. ಚರ್ಮ ದಪ್ಪ ಆಗಿರಲಿಲ್ಲ. ಸೂಜಿ ಮೊಂಡಾಗಿತ್ತು.

ಈ ಸೂಜಿಗೆ ಲ್ಯಾನ್ಸೆಟ್ ಎನ್ನುತ್ತಾರೆ. ಡಬ್ಬಿಯ ಮೇಲೆ 28 ಅಥವಾ 30 ಎಂದು ಒಂದು ಅಂಕಿ ಇರುತ್ತದೆ. ಅದು ದಪ್ಪದ ಅಳತೆ. ಅಂಕಿ ದೊಡ್ಡದಾದಷ್ಟೂ ಸೂಜಿ ತೆಳ್ಳಗೆ. 30ರ ಸೂಜಿ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ದಪ್ಪ. ಇಂಥ ತೆಳ್ಳನೆಯ ತಂತಿಯ ತುದಿಯನ್ನು ಓರೆಯಾಗಿ ಮಸೆದು ಹರಿತ ಮಾಡಿರುತ್ತಾರೆ. ಒಂದು ಸಲ ಚರ್ಮಕ್ಕೆ ಹೊಕ್ಕು ಹೊರಗೆ ಬಂದರೆ ಆ ಹರಿತ ಮೊದಲಿನಂತೆ ಇರುವುದಿಲ್ಲ. ಹಲವು ಸಲ ಆದ ಮೇಲೆ ತುದಿ ಬಾಗುತ್ತದೆ. ಆಗ ಅದು ಚರ್ಮವನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಕೈಯಲ್ಲಿ ನೋವು ಹೆಚ್ಚು, ರಕ್ತ ಕಡಿಮೆ. ರಕ್ತ ಕಡಿಮೆ ಎಂದು ಮನುಷ್ಯ ಪೆನ್ನಿನ ನಂಬರ್ ಏರಿಸುತ್ತಾನೆ. ನಂಬರ್ ಏರಿದರೆ ನೋವು ಇನ್ನೂ ಹೆಚ್ಚು. ಕೊನೆಗೆ "ಇದರ ಸಹವಾಸವೇ ಬ್ಯಾಡ" ಎಂದು ಯಂತ್ರವನ್ನು ಮಾಡಿಗೆ ಎಸೆಯುತ್ತಾನೆ. ಸಕ್ಕರೆ ನೋಡುವುದನ್ನು ಬಿಟ್ಟವರನ್ನು ಕೇಳಿ ನೋಡಿ, ಅನೇಕರ ಕಥೆ ಇದೇ ಹಾದಿಯಲ್ಲಿ ಬಂದಿರುತ್ತದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ತನ್ನ ಸೂಜಿಯನ್ನು ತಾನೇ ಎರಡನೆಯ ಸಲ ಚುಚ್ಚಿಕೊಂಡ ಮಾತ್ರಕ್ಕೆ ಬೆರಳು ಕೀವು ಹಿಡಿದೇ ಹಿಡಿಯುತ್ತದೆ ಎಂದೇನಿಲ್ಲ. ಹಾಗೆ ಮಾಡುವವರು ಲೋಕದಲ್ಲಿ ಬಹಳ ಜನ, ಬಹುಪಾಲು ಮಂದಿಗೆ ಕೀವಾಗುವುದೂ ಇಲ್ಲ. ಆದರೆ ಸಕ್ಕರಿ ಬ್ಯಾನಿಯವರ ಗಾಯ ಬೇಗ ಮಾಯುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಅಂಥ ಬೆರಳಿಗೆ ಮೊಂಡು, ಒರೆಸದ, ಗಲ್ಲೆಯಲ್ಲಿ ಬಿದ್ದ ಸೂಜಿ ಚುಚ್ಚುವುದರಲ್ಲಿ ಉಳಿತಾಯ ಎಷ್ಟು? ಒಂದು ಪಟ್ಟಿಗೆ ಹದಿನೈದೋ ಇಪ್ಪತ್ತೋ ರೂಪಾಯಿ ಕೊಡುತ್ತೇವೆ. ಸೂಜಿಗೆ ಒಂದೋ ಎರಡೋ ರೂಪಾಯಿ. ಮೊಂಡು ಸೂಜಿಯಿಂದ ರಕ್ತ ಸಾಲದೆ ಒಂದು ಪಟ್ಟಿ ಹಾಳಾದರೆ ಹತ್ತು ಸೂಜಿಯ ದುಡ್ಡು ಹೋಯಿತು. ವ್ಯಾಪಾರಸ್ಥರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕೆ?

ನಂಬರಿನ ಲೆಕ್ಕ

ಪೆನ್ನಿನ ಮೂತಿಯ ಮೇಲಿನ ಅಂಕಿ ಸೂಜಿ ಎಷ್ಟು ಆಳ ಹೋಗಬೇಕು ಎನ್ನುವುದನ್ನು ಹೇಳುತ್ತದೆ. ಸಾಮಾನ್ಯವಾಗಿ 1ರಿಂದ 5 ಇರುತ್ತದೆ. 1 ಅಂದರೆ ಮೇಲುಮೇಲೆ, 5 ಅಂದರೆ ಆಳ. ಎಷ್ಟು ಆಳ ಎಂದರೂ ಒಂದೆರಡು ಮಿಲಿಮೀಟರಿನ ಆಸುಪಾಸಿನ ಮಾತು. ಒಂದು ಕಂಪನಿಯ 3 ಇನ್ನೊಂದು ಕಂಪನಿಯ 3ಕ್ಕೆ ಸಮ ಎಂದು ಭಾವಿಸಬಾರದು. ಪೆನ್ನು ಬದಲಾದರೆ ನಂಬರನ್ನು ಮೊದಲಿನಿಂದ ಹುಡುಕಬೇಕು.

ಹುಡುಕುವುದು ಹೇಗೆ? ಹೊಸ ಸೂಜಿ ಹಾಕಿ 2ಕ್ಕೆ ಇಟ್ಟು ಚುಚ್ಚಬೇಕು. ಪಟ್ಟಿ ಎಳೆದುಕೊಳ್ಳುವಷ್ಟು ಗುಂಡು ಹನಿ ಬಂದರೆ ಅದೇ ನಿಮ್ಮ ನಂಬರ್. ಬರದಿದ್ದರೆ ಮುಂದಿನ ಸಲ ಒಂದು ಅಂಕಿ ಮೇಲೆ. ಹೀಗೆ ಒಂದೊಂದೇ ಮೆಟ್ಟಿಲು. ಮಕ್ಕಳಿಗೆ, ಮೆತ್ತನೆಯ ಕೈಯವರಿಗೆ 1 ಅಥವಾ 2 ಸಾಕಾಗುತ್ತದೆ. ಗಲ್ಲೆಯ ಮುಂದೆ ಕೂತವರಿಗೆ, ಕಚೇರಿಯವರಿಗೆ 2 ಅಥವಾ 3. ಆದರೆ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತನ ಬೆರಳು, ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳು, ಹಮಾಲರ ಬೆರಳು ಬೇರೆ ಜಾತಿಯವು. ಅಲ್ಲಿ ಚರ್ಮ ನಿಜವಾಗಿಯೂ ಕಾಯಿ ಕಟ್ಟಿರುತ್ತದೆ. ಅವರಿಗೆ 4 ಅಥವಾ 5 ಬೇಕಾಗಬಹುದು, ಅದು ತಪ್ಪಲ್ಲ. ಗಂಡ ಹೆಂಡತಿ ಇಬ್ಬರಿಗೂ ಬ್ಯಾನಿ ಇದ್ದರೆ ಇಬ್ಬರ ನಂಬರೂ ಬೇರೆಯಾಗಿರುವುದು ಸಹಜ. ಪೆನ್ನೂ ಬೇರೆಯಾಗಿರಬೇಕು. ಅದರ ಕಾರಣ ಮುಂದೆ ಹೇಳುತ್ತೇನೆ.

ನಂಬರ್ ಹೆಚ್ಚಾಗಿದೆ ಎಂದು ತಿಳಿಯುವುದು ಸುಲಭ. ಹತ್ತಿ ಒತ್ತಿ ಹಿಡಿದರೂ ರಕ್ತ ಬೇಗ ನಿಲ್ಲುವುದಿಲ್ಲ, ಬೆರಳು ನೀಲಿಗಟ್ಟುತ್ತದೆ, ಮರುದಿನ ನೋಟು ಎಣಿಸುವಾಗ ನೋಯುತ್ತದೆ. ಕಡಿಮೆಯಾಗಿದೆ ಎನ್ನುವುದಕ್ಕೂ ಗುರುತಿದೆ. ಹನಿ ಬರುವುದಿಲ್ಲ, ಬೆರಳನ್ನು ಹಿಂಡಬೇಕಾಗುತ್ತದೆ. ಹಿಂಡುವುದೇ ದೊಡ್ಡ ತಪ್ಪು. ಜೋರಾಗಿ ಹಿಂಡಿದರೆ ರಕ್ತದ ಜೊತೆ ಮಾಂಸದೊಳಗಿನ ನೀರೂ ಬಂದು ಬೆರೆಯುತ್ತದೆ, ಅಂಕಿ ಕೆಡುತ್ತದೆ. ಹಾಲಿಗೆ ನೀರು ಬೆರೆಸಿದರೆ ಡಿಗ್ರಿ ಕೆಡುವುದಿಲ್ಲವೆ, ಹಾಗೆ. ಒದ್ದೆ ಬೆರಳಿಗೆ ಚುಚ್ಚಿದರೂ ಇದೇ ಗತಿ.

ನಂಬರ್ ಏರಿಸುವ ಮೊದಲು ಮಾಡಬೇಕಾದ್ದು ಮೂರು. ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸುವುದು, ಗದ್ದೆಯ ತಣ್ಣೀರಿನಿಂದ ಬಂದ ಕೈಗೆ ಇದು ಬಹಳ ಮುಖ್ಯ. ಕೈಯನ್ನು ಅರ್ಧ ನಿಮಿಷ ಕೆಳಗೆ ಇಳಿಬಿಡುವುದು. ಅಂಗೈಯಿಂದ ಬೆರಳ ತುದಿಯ ಕಡೆಗೆ ಮೆತ್ತಗೆ ನೀವುವುದು. ಚುಚ್ಚಬೇಕಾದ ಜಾಗ ಬೆರಳ ತುದಿಯ ನಡುಮಧ್ಯವಲ್ಲ, ಪಕ್ಕ. ನಡುವಿನಲ್ಲಿ ನರದ ತುದಿಗಳು ಹೆಚ್ಚು, ಅಲ್ಲಿಯೇ ನಾವು ಎಲ್ಲವನ್ನೂ ಮುಟ್ಟುವುದು. ಅಂಗಡಿಯವರು ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದವನ್ನು ಸರದಿಯ ಮೇಲೆ ಬಳಸಿದರೆ ಬರೆಯುವುದಕ್ಕೂ ಎಣಿಸುವುದಕ್ಕೂ ತೊಂದರೆಯಿಲ್ಲ.

ಕಾಂಪೌಂಡರ್ ಆ ಸಂಜೆ ಇದಿಷ್ಟನ್ನೂ ಮಾಡಿ ತೋರಿಸಿದರು. ಡಬ್ಬಿಯಿಂದ ಹೊಸ ಸೂಜಿ, ನಂಬರ್ 3, ಉಂಗುರದ ಬೆರಳಿನ ಪಕ್ಕ. ಟಕ್ ಎಂದಿತು. ಹನಿ ತಾನಾಗಿಯೇ ಬಂತು.

"ಏನೂ ಗೊತ್ತೇ ಆಗಲಿಲ್ಲಲ್ರಿ!" ಎಂದರು ಸಾವ್ಕಾರ್ರು.

"ಐದರಿಂದ ಮೂರಕ್ಕ ಇಳಿದೀರಿ. ಸೂಜಿ ಹೊಸದಾತು, ಅಷ್ಟ."

ಒಂದು ಪೆನ್ನು, ಹತ್ತು ಕೈ

ಇನ್ನು ಪೆನ್ನಿನ ಮಾತು. ಸಾವ್ಕಾರ್ರ ಯಂತ್ರ ಊರಿನ ಆಸ್ತಿಯಾಗಿತ್ತು. ಪಕ್ಕದ ಹೋಟೆಲಿನವರು, ಹಿಟ್ಟಿನ ಗಿರಣಿಯವರು, ಬಸ್ಸಿಗೆ ಕಾಯುವ ಪರಿಚಯದವರು ಎಲ್ಲರೂ ಬಂದು ಬೆರಳು ಒಡ್ಡುತ್ತಿದ್ದರು. ಪಟ್ಟಿಯ ದುಡ್ಡು ಕೊಟ್ಟು ಹೋಗುತ್ತಿದ್ದರು. ಸಾವ್ಕಾರ್ರದು ದೊಡ್ಡ ಮನಸ್ಸು, ಅದರಲ್ಲಿ ಸಂಶಯವಿಲ್ಲ. ಆದರೆ ಪೆನ್ನೂ ಒಂದೇ, ಸೂಜಿಯೂ ಯುಗಾದಿಯದೇ.

ಒಬ್ಬರ ರಕ್ತ ಇನ್ನೊಬ್ಬರ ಬೆರಳಿಗೆ ಹೋಗುವ ಹಾದಿ ಇದು. ಬಿಳಿ ಕಾಮಾಲೆಯ ವೈರಸ್ಸು, ಅಂದರೆ ಹೆಪಟೈಟಿಸ್ ಬಿ, ದೇಹದ ಹೊರಗೆ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಜೀವ ಹಿಡಿದಿರಬಲ್ಲದು. ಆ ಕಲೆ ಕಣ್ಣಿಗೆ ಕಾಣಬೇಕೆಂದೂ ಇಲ್ಲ. "ಸೂಜಿ ಬದಲಿಸಿದರೆ ಆತಲ್ಲ, ಪೆನ್ನು ಒಂದೇ ಇದ್ದರೇನು?" ಎಂದು ಕೇಳುವವರಿದ್ದಾರೆ. ಅದೂ ಸಾಲದು. ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯಲ್ಲಿ ಸ್ಪ್ರಿಂಗಿನ ಪೆನ್ನಿನಿಂದ ರೋಗಿಗಳಿಗೆ ಈ ಕಾಮಾಲೆ ಹರಡಿದ್ದನ್ನು 1990ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯವರು ಪ್ರಕಟಿಸಿದರು. ಬೆರಳಿಗೆ ತಾಗುವ ಪೆನ್ನಿನ ಮೂತಿಯನ್ನು ಪ್ರತಿ ರೋಗಿಗೂ ಬದಲಿಸಬೇಕಾಗಿತ್ತು, ಹಾಗಾಗಿರಲಿಲ್ಲ. ಅಂಥ ಘಟನೆಗಳು ಮತ್ತೆ ಮತ್ತೆ ಕಂಡ ಮೇಲೆ 2010ರಲ್ಲಿ ಆ ದೇಶದ ಸರ್ಕಾರಿ ಸಂಸ್ಥೆಗಳು ಚುಚ್ಚುವ ಪೆನ್ನು ಒಬ್ಬನಿಗೆ ಮಾತ್ರ, ಎರಡನೆಯವನಿಗೆ ಯಾವ ಕಾರಣಕ್ಕೂ ಇಲ್ಲ ಎಂದು ಎಚ್ಚರಿಕೆ ಕೊಟ್ಟವು. ಆಸ್ಪತ್ರೆಯಲ್ಲೇ ಹೀಗಾಗುವುದಾದರೆ ನಮ್ಮ ಅಂಗಡಿ ಕಟ್ಟೆಯ ಪಾಡೇನು?

ಆದ್ದರಿಂದ ನಿಯಮ ಸರಳ. ಹಲ್ಲುಜ್ಜುವ ಬ್ರಷ್ಷು ಮನೆಮಂದಿಗೆಲ್ಲ ಒಂದೇ ಇಡುತ್ತೇವೆಯೇ? ಪೆನ್ನೂ ಹಾಗೆಯೇ. ಗಂಡನಿಗೊಂದು, ಹೆಂಡತಿಗೊಂದು. ಯಂತ್ರವನ್ನು ಇನ್ನೊಬ್ಬರಿಗೆ ಕೊಡಲೇಬೇಕಾದರೆ ಮೊದಲು ಅದರ ಹೊರಮೈ ಒರೆಸಬೇಕು, ರಕ್ತ ತಾಗದಂತೆ ನೋಡಿಕೊಳ್ಳಬೇಕು, ಪೆನ್ನನ್ನಂತೂ ಕೊಡಲೇಬಾರದು. ಉಚಿತ ತಪಾಸಣಾ ಶಿಬಿರಗಳಿಗೆ ಹೋಗುವವರು ಒಂದನ್ನು ಗಮನಿಸಿ. ಅಲ್ಲಿ ಇರಬೇಕಾದ್ದು ಒಂದೇ ಸಲ ಹಾರಿ, ತಾನಾಗಿಯೇ ಒಳಗೆ ಸೇರಿ, ಮತ್ತೆ ಹಾರದಂಥ ಸೂಜಿ. ಪ್ರತಿಯೊಬ್ಬರಿಗೂ ನಿಮ್ಮ ಕಣ್ಣೆದುರಿಗೆ ಹೊಸದನ್ನು ಒಡೆಯಬೇಕು. ಒಂದೇ ಪೆನ್ನು ಸಾಲಿನ ಉದ್ದಕ್ಕೂ ತಿರುಗುತ್ತಿದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮುಲಾಜು ಬೇಡ.

ತಿಪ್ಪೆಯಿಂದ ಗದ್ದೆಗೆ

ಕೊನೆಯದು, ಎಲ್ಲಕ್ಕಿಂತ ಗಂಭೀರವಾದದ್ದು. ಕಾಂಪೌಂಡರ್ ಕೇಳಿದರು: "ಹಳೇ ಸೂಜಿ, ಹಳೇ ಪಟ್ಟಿ ಎಲ್ಲಿ ಒಗೀತೀರಿ?"

ಸಾವ್ಕಾರ್ರು ಕೈ ತೋರಿಸಿದರು. ಅಂಗಡಿಯ ಹಿಂದೆ ತಿಪ್ಪೆ. ಕಸ ಗುಡಿಸಿದಾಗ ಅದರ ಜೊತೆ ಹೋಗುತ್ತದೆ.

ತಿಪ್ಪೆ ಅಲ್ಲೇ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅದು ಗೊಬ್ಬರವಾಗಿ ಬಂಡಿ, ಟ್ರ್ಯಾಕ್ಟರು ಏರಿ ಹೊಲಕ್ಕೆ, ಗದ್ದೆಗೆ ಹೋಗುತ್ತದೆ. ಸೊಪ್ಪು ಸೆಗಣಿ ಕೊಳೆಯುತ್ತವೆ, ಉಕ್ಕಿನ ಸೂಜಿ ಅಷ್ಟು ಬೇಗ ಕೊಳೆಯುವುದಿಲ್ಲ, ಅದರ ಪ್ಲಾಸ್ಟಿಕ್ಕಿನ ಹಿಡಿ ಕೊಳೆಯುವುದೇ ಇಲ್ಲ. ಆ ಹೊತ್ತಿಗೆ ಅಂಗಡಿಯ ಮುಂದಿನ ದಾರಿಯಲ್ಲಿ ಭತ್ತದ ನಾಟಿ ಮುಗಿಸಿ ಹೆಣ್ಣುಮಕ್ಕಳು ಸಾಲಾಗಿ ಬರುತ್ತಿದ್ದರು. ಮೊಣಕಾಲ ತನಕ ಕೆಸರು, ಬರಿಗಾಲು. ದಿನವಿಡೀ ಕೆಸರಿನೊಳಗೆ ಬೆರಳು ಊರಿ ಸಸಿ ನೆಟ್ಟು ಬಂದವರು. ಕೆಸರಿನಲ್ಲಿ ಚುಚ್ಚಿದ್ದು ಮುಳ್ಳೋ, ಕಡ್ಡಿಯೋ, ಯಾರದೋ ಸೂಜಿಯೋ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಗೊಬ್ಬರದಲ್ಲಿ ತಿಂಗಳುಗಟ್ಟಲೆ ಬಿದ್ದ ಸೂಜಿಯಿಂದ ಕಾಮಾಲೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸೆಗಣಿ ಗೊಬ್ಬರದ ಚುಚ್ಚುಗಾಯಕ್ಕೆ ಧನುರ್ವಾಯುವಿನ ಭಯ ಇದ್ದೇ ಇದೆ.

ಒಣಕಸದ ಚೀಲಕ್ಕೆ ಹಾಕಿದರೆ ಸರಿಯೇ? ಅದು ಇನ್ನೂ ಕೆಟ್ಟದ್ದು. ಈಗ ಪಂಚಾಯ್ತಿಗಳಲ್ಲಿ ಸ್ವಚ್ಛವಾಹಿನಿ ಗಾಡಿಗಳು ಮನೆಮನೆಗೆ ಬರುತ್ತವೆ. ಅನೇಕ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅದನ್ನು ನಡೆಸುತ್ತಾರೆ, ಅವರೇ ಕಸವನ್ನು ಕೈಯಿಂದ ಬೇರ್ಪಡಿಸುತ್ತಾರೆ. ನಿನ್ನೆ ಚುಚ್ಚಿದ ಸೂಜಿ ಇಂದು ಅವರ ಕೈಗೆ. ಇಲ್ಲಿ ಏಳು ದಿನದ ಲೆಕ್ಕ ಇನ್ನೂ ನಡೆಯುತ್ತಿರುತ್ತದೆ. ಅಂಥ ಕೆಲಸದ ಒಬ್ಬಾಕೆ, ಊರು ಬೇಡ, ನನ್ನೆದುರು ಹೇಳಿದ ಮಾತು: "ಮುಳ್ಳು ಚುಚ್ಚಿತಂತ ಬಾಯಾಗ ಬೆರಳು ಇಟಗೊಂಡೆ ಅಣ್ಣಾ. ಆಮ್ಯಾಲ ನೋಡಿದರ ಶುಗರ್ ಸೂಜಿ. ಮನಿಗೆ ಹೋಗಿ ಮೂರು ರಾತ್ರಿ ನಿದ್ದಿ ಬರಲಿಲ್ಲ. ಯಾರಿಗೂ ಹೇಳಲಿಲ್ಲ, ಕೆಲಸ ಹೋದೀತಂತ."

ಹಾಗೆ ಚುಚ್ಚಿದಾಗ ಮಾಡಬೇಕಾದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಯಿಗೆ ಇಡಬಾರದು, ಹಿಂಡಬಾರದು, ಬ್ಲೀಚಿಂಗ್ ಹಚ್ಚಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಕಾಮಾಲೆಯ ಲಸಿಕೆ, ಧನುರ್ವಾಯುವಿನ ಇಂಜೆಕ್ಷನ್ನು ಬೇಕೇ ಎಂದು ಅವರು ನೋಡುತ್ತಾರೆ. ಎಚ್.ಐ.ವಿ. ತಡೆಯುವ ಗುಳಿಗೆ ಬೇಕೆಂದು ವೈದ್ಯರಿಗೆ ಅನಿಸಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ಇಂಥ ಸಣ್ಣ ಸೂಜಿಯಿಂದ ಆ ರೋಗ ಬರುವ ಸಂಭವ ತೀರ ಕಡಿಮೆ. ಆದರೆ ಆ ಮಾತನ್ನು ಮೂರು ರಾತ್ರಿ ಒಬ್ಬಳೇ ಎದ್ದು ಕೂತು ಊಹಿಸುವ ಬದಲು ಆಸ್ಪತ್ರೆಯವರ ಬಾಯಿಂದ ಕೇಳುವುದು ಮೇಲಲ್ಲವೇ?

ಹಾಗಾದರೆ ಮನೆಯಲ್ಲಿ ಮಾಡುವುದೇನು? ಖಾಲಿ ಫಿನಾಯಿಲ್ ಡಬ್ಬಿ ಅಥವಾ ಅಂಥದೇ ದಪ್ಪ ಪ್ಲಾಸ್ಟಿಕ್ಕಿನ, ತಿರುಗಿಸುವ ಮುಚ್ಚಳದ ಡಬ್ಬಿ ತೆಗೆದುಕೊಳ್ಳಿ. ಕುಡಿಯುವ ನೀರಿನ ಬಾಟಲಿ ಬೇಡ, ತೆಳ್ಳಗಿರುತ್ತದೆ, ಒತ್ತಿದರೆ ಸೂಜಿ ಹೊರಗೆ ಇಣುಕುತ್ತದೆ. ಗಾಜು ಬೇಡ, ಒಡೆಯುತ್ತದೆ. ಮೇಲೆ ದೊಡ್ಡ ಅಕ್ಷರದಲ್ಲಿ "ಬಳಸಿದ ಸೂಜಿ, ಮುಟ್ಟಬೇಡಿ" ಎಂದು ಬರೆದು ಅಂಟಿಸಿ. ಮಕ್ಕಳ ಕೈಗೆ ಸಿಗದ ಕಡೆ, ಆದರೆ ಯಂತ್ರದ ಹತ್ತಿರವೇ ಇಡಿ. ದೂರ ಇಟ್ಟರೆ ಸೋಮಾರಿತನ ಗೆಲ್ಲುತ್ತದೆ.

ಚುಚ್ಚಿದ ಮೇಲೆ ಪೆನ್ನಿನ ಮೂತಿ ತೆಗೆಯಿರಿ. ಸೂಜಿಯಿಂದ ಮೊದಲು ತಿರುವಿ ತೆಗೆದ ಗುಂಡು ಟೋಪಿ ಇರುತ್ತದಲ್ಲ, ಅದನ್ನು ಮೇಜಿನ ಮೇಲೆ ಮಲಗಿಸಿ. ಕೈಯಲ್ಲಿ ಹಿಡಿಯಬೇಡಿ. ಪೆನ್ನನ್ನು ಹಿಡಿದು ಸೂಜಿಯ ತುದಿಯನ್ನು ಆ ಟೋಪಿಯೊಳಗೆ ಒತ್ತಿ. ಆಮೇಲೆ ಪೆನ್ನಿನ ಗುಂಡಿ ಒತ್ತಿ ನೇರ ಡಬ್ಬಿಯೊಳಗೇ ಬೀಳಿಸಿ. ಗುಂಡಿ ಇಲ್ಲದ ಪೆನ್ನಾದರೆ ಟೋಪಿಯೊಳಗೆ ಸೇರಿದ ಮೇಲೆ ಹಿಡಿಯನ್ನು ಹಿಡಿದು ಎಳೆಯಬಹುದು. ಪಟ್ಟಿ ಚುಚ್ಚುವುದಿಲ್ಲ, ಆದರೆ ಅದರ ತುದಿಯಲ್ಲಿ ರಕ್ತ ಇರುತ್ತದೆ. ಅದನ್ನೂ ಇದೇ ಡಬ್ಬಿಗೆ ಹಾಕಿದರೆ ಬೇರೆ ಚಿಂತೆ ಇಲ್ಲ. ಪಟ್ಟಿ ಬಂದ ಹಳೇ ಸೀಸೆಯಲ್ಲೇ ಬಳಸಿದ ಪಟ್ಟಿ ತುಂಬಿಡುವವರಿದ್ದಾರೆ. ಮನೆಯ ಹಿರಿಯರು ಹೊಸದೆಂದು ಅದನ್ನೇ ಯಂತ್ರಕ್ಕೆ ಹಾಕಿ ಒದ್ದಾಡಿದ್ದನ್ನು ನಾನು ಕಂಡಿದ್ದೇನೆ.

ಡಬ್ಬಿ ಮುಕ್ಕಾಲು ತುಂಬಿದರೆ ಸಾಕು. ಮುಚ್ಚಳ ಬಿಗಿದು ಟೇಪು ಸುತ್ತಿ. ಮತ್ತೆ ತೆರೆಯಬೇಡಿ. ಒಲೆಗೆ ಹಾಕಬೇಡಿ, ಪ್ಲಾಸ್ಟಿಕ್ಕು ಸುಟ್ಟು ಹೊಗೆಯಾಗಿ ಮನೆ ತುಂಬುತ್ತದೆ, ಸೂಜಿ ಮಾತ್ರ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯೂ ತಿಪ್ಪೆಗೇ. ಹೊಳೆಗೆ, ಕಾಲುವೆಗೆ, ಪಾಯಿಖಾನೆಗೆ ಬೇಡವೇ ಬೇಡ.

ಡಬ್ಬಿ ಯಾರ ಪಾಲು?

ಈಗ ಪ್ರಶ್ನೆ ಬಂತು. ತುಂಬಿದ ಡಬ್ಬಿ ಎಲ್ಲಿಗೆ? ಸಾವ್ಕಾರ್ರು ಇದನ್ನೇ ಕೇಳಿದರು: "ಎಲ್ಲಾ ಖರೇ. ಕಡೀಕ ತಗೊಂಡು ಎಲ್ಲಿ ಒಯ್ಯಲಿ?"

ಆಸ್ಪತ್ರೆಗಳಿಗೆ ಈ ವಿಷಯದಲ್ಲಿ ಕಾನೂನು ಸ್ಪಷ್ಟ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿಯಂಥ ಚೂಪು ವಸ್ತುಗಳು ಚುಚ್ಚಲಾಗದ, ಸೋರದ, ಬಿಳಿ ಅರೆಪಾರಕ ಡಬ್ಬಿಯಲ್ಲಿ ಬೇರೆಯಾಗಿ ಸಂಗ್ರಹವಾಗಿ ವಿಲೇವಾರಿಯಾಗಬೇಕು. ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಡಬ್ಬಿ ಇದ್ದೇ ಇರಬೇಕು. ಮನೆಯ ಸೂಜಿಯನ್ನೂ ಮರೆತಿರಲಿಲ್ಲ. ಅದೇ ವರ್ಷ ಬಂದ ಘನತ್ಯಾಜ್ಯ ನಿಯಮ ಬಳಸಿದ ಸೂಜಿಗಳನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿ, ಅದನ್ನು ಬೇರೆ ಇಡುವುದು ಮನೆಯವರ ಕೆಲಸ, ತಂದು ಕೊಡಲು ಒಂದು ಕೇಂದ್ರ ತೆರೆಯುವುದು ಸ್ಥಳೀಯ ಸಂಸ್ಥೆಗಳ ಕೆಲಸ ಎಂದು ಬರೆಯಿತು. ಬರೆದು ವರ್ಷಗಳು ಕಳೆದವು. ಚೀಕಲಪರ್ವಿಯ ಸಾವ್ಕಾರ್ರ ಪ್ರಶ್ನೆ ಮಾತ್ರ ಇನ್ನೂ ಕಟ್ಟೆಯ ಮೇಲೇ ಕೂತಿದೆ.

ನಮ್ಮ ಅಭಿಪ್ರಾಯ ಇಷ್ಟೇ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಗಾಡಿ ಬೇಡ. ದಿನಕ್ಕೆ ಎರಡು ಸಲ ನೋಡಿಕೊಳ್ಳುವವನ ಸೂಜಿ ವರ್ಷಕ್ಕೆ 730. ಅಂಥ ಮೂವತ್ತು ಮನೆ ಇರುವ ಊರಿನಲ್ಲಿ ತಿಂಗಳಿಗೆ 1800. ಕೇಳಲು ದೊಡ್ಡ ಅಂಕಿ, ಡಬ್ಬಿಯಲ್ಲಿ ಹಾಕಿದರೆ ಒಂದು ಬಕೀಟಿನಲ್ಲಿ ಕೂಡುವ ಸಾಮಾನು. ಮನೆಯವರು ಟೇಪು ಸುತ್ತಿ ತಂದ ಡಬ್ಬಿಯನ್ನು ತಿಂಗಳಿಗೆ ಒಂದು ನಿಶ್ಚಿತ ದಿನ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಂಡು, ತಮ್ಮ ಚೂಪು ಕಸದ ಜೊತೆ ಕಳಿಸಲು ಜಿಲ್ಲಾಡಳಿತ ಒಂದು ಲಿಖಿತ ಸೂಚನೆ ಕೊಡಲಿ. ಪಂಚಾಯ್ತಿಯವರು ಆ ದಿನವನ್ನು ಡಂಗುರ ಸಾರಲಿ. ಸೂಜಿ ಮಾರಿ ಲಾಭ ಮಾಡುವ ಔಷಧಿ ಅಂಗಡಿಯವರೂ ಮುಂದೆ ಬರಬೇಕು. ಪಟ್ಟಿಯ ಡಬ್ಬಿ ಮಾರುವಾಗ ಜೊತೆಗೆ ಸೂಜಿಯನ್ನೂ ಕೇಳಿ ಕೊಡುವುದು, ಪೆನ್ನು ಒಬ್ಬರಿಗೊಂದು ಎನ್ನುವ ಮಾತನ್ನು ಹೇಳುವುದು ಅವರಿಗೆ ಖರ್ಚಿನ ಬಾಬ್ತಲ್ಲ.

ಆ ವ್ಯವಸ್ಥೆ ಬರುವ ತನಕ ಏನು? ನಿಮಗೆ ಗುಳಿಗೆ ಬರೆದುಕೊಡುವ ವೈದ್ಯರನ್ನು ಕೇಳಿ. ಅವರ ಆಸ್ಪತ್ರೆಯ ಚೂಪು ಕಸ ಎಲ್ಲಿಗೋ ಹೋಗಲೇಬೇಕಲ್ಲ. ಮುಂದಿನ ತಪಾಸಣೆಗೆ ಹೋಗುವಾಗ ಡಬ್ಬಿ ಒಯ್ದು ಕೇಳಿದರೆ ಒಪ್ಪುವವರು ಸಿಗುತ್ತಾರೆ. ಒಪ್ಪದಿದ್ದರೆ ಡಬ್ಬಿ ಮನೆಯಲ್ಲೇ ಇರಲಿ. ಟೇಪು ಸುತ್ತಿದ ಡಬ್ಬಿ ಅಟ್ಟದ ಮೇಲೆ ಒಂದು ವರ್ಷ ಇದ್ದರೂ ಯಾರಿಗೂ ಚುಚ್ಚುವುದಿಲ್ಲ.

ಬಸ್ಸು ಕೊನೆಗೂ ಬಂತು. ಹತ್ತುವಾಗ ತಿರುಗಿ ನೋಡಿದೆ. ಸಾವ್ಕಾರ್ರು ಅಂಗಡಿಯ ಮೂಲೆಯಿಂದ ಖಾಲಿ ಫಿನಾಯಿಲ್ ಡಬ್ಬಿ ತೆಗೆದು ಧೂಳು ಒರೆಸುತ್ತಿದ್ದರು. ಯುಗಾದಿಯ ಸೂಜಿ ಅದರೊಳಗೆ ಬಿದ್ದ ಸಪ್ಪಳ ಕೇಳಿಸಿತು. ಸಾವ್ಕಾರ್ರು ತಮ್ಮ ಪಾಲಿನ ಕೆಲಸ ಮಾಡಿದರು. ಆ ಡಬ್ಬಿ ತುಂಬುವುದರೊಳಗಾದರೂ ಸಂಬಂಧಪಟ್ಟವರು ತಮ್ಮ ಪಾಲಿನದನ್ನು ಮಾಡುವರೇ?